ಕಾಸ್ಟ್ ಶೀಟ್ ಲಾಭಕ್ಕೂ ಪಿ ಅಂಡ್ ಎಲ್ ಲಾಭಕ್ಕೂ ತಾಳೆ ಆಗುತ್ತಿಲ್ಲ, 90,000 ಉಳಿಯುತ್ತಿದೆ

ಪ್ರಶ್ನೆ (ಅಕೌಂಟ್ಸ್ ನೋಡುವವರು, ಬೆಳಗಾವಿ)

ಉದ್ಯಮಬಾಗ್‌ನಲ್ಲಿ ಪಂಪ್ ಬಿಡಿಭಾಗ ಮಾಡುವ ಮಷಿನ್ ಶಾಪ್ ನಮ್ಮದು. ಕಾಸ್ಟಿಂಗ್ ಪ್ರಕಾರ ವರ್ಷದ ಲಾಭ 32,10,000. ಪಿ ಅಂಡ್ ಎಲ್‌ನಲ್ಲಿ ತೆರಿಗೆಗೆ ಮುಂಚೆ 26,12,000. ಕಾಸ್ಟಿಂಗ್ ಲಾಭದಿಂದ ಶುರು ಮಾಡಿ ನಾನು ಕಳೆದದ್ದು: ಓವರ್‌ಹೆಡ್ ಕಡಿಮೆ ವಸೂಲಾದದ್ದು 3,80,000, ಕ್ಲೋಸಿಂಗ್ ಸ್ಟಾಕ್ ವ್ಯತ್ಯಾಸ 1,50,000, ಓಪನಿಂಗ್ ಸ್ಟಾಕ್ ವ್ಯತ್ಯಾಸ 45,000, ಬ್ಯಾಂಕ್ ಸಾಲದ ಬಡ್ಡಿ 4,10,000. ಕೂಡಿದ್ದು: ಎಫ್‌ಡಿ ಬಡ್ಡಿ 57,000, ಸ್ವಂತ ಶೆಡ್‌ಗೆ ಕಾಸ್ಟಿಂಗ್‌ನಲ್ಲಿ ಹಾಕಿದ ಬಾಡಿಗೆ 2,40,000. ಕೊನೆಗೆ 25,22,000 ಬರುತ್ತದೆ. 90,000 ಕಡಿಮೆ. ಮೂರು ದಿನದಿಂದ ಹುಡುಕುತ್ತಿದ್ದೇನೆ. ಓಪನಿಂಗ್, ಕ್ಲೋಸಿಂಗ್ ಎರಡರಲ್ಲೂ ಸ್ಟಾಕ್ ಬೆಲೆ ಕಾಸ್ಟಿಂಗ್‌ನಲ್ಲೇ ಜಾಸ್ತಿ ಇದೆ. ಮಾಲೀಕರು "ಯಾವ ಲಾಭ ನಿಜ?" ಅಂತ ಕೇಳುತ್ತಿದ್ದಾರೆ.

ಟ್ಯಾಕ್ಸ್ ಪ್ರಾಕ್ಟೀಷನರ್, ತುಮಕೂರು

ಸವಕಳಿ ಬಿಟ್ಟಿದ್ದೀರಿ ನೋಡಿ. ಕಾಸ್ಟಿಂಗ್‌ನಲ್ಲಿ ಒಂದು ರೀತಿ, ಪುಸ್ತಕದಲ್ಲಿ ಇನ್ನೊಂದು ರೀತಿ ಹಾಕಿರುತ್ತಾರೆ. ಅದು ಯಾವಾಗಲೂ ಇರುವ ವ್ಯತ್ಯಾಸ. ಅದನ್ನು ಹಾಕಿ, ಸರಿಹೋಗುತ್ತದೆ.

ಪ್ರಶ್ನೆ ಕೇಳಿದವರು

ಹಾಕಿ ನೋಡಿದೆ ಸರ್. ಪುಸ್ತಕದಲ್ಲಿ ಸವಕಳಿ 80,000 ಜಾಸ್ತಿ ಇದೆ. ಅದನ್ನೂ ಕಳೆದರೆ ವ್ಯತ್ಯಾಸ 1,70,000 ಆಗುತ್ತದೆ. ಇನ್ನೂ ಕೆಟ್ಟಿತು.

ಕಾಸ್ಟ್ ಅಕೌಂಟೆಂಟ್, ಹುಬ್ಬಳ್ಳಿ

ಮೊದಲು ಎರಡು ವಿಷಯ ಹೇಳಿ. 3,80,000 ಹೇಗೆ ಬಂತು? ಆ ಓವರ್‌ಹೆಡ್ ಮೊತ್ತದೊಳಗೆ ಮಷಿನ್ ಸವಕಳಿ ಸೇರಿದೆಯಾ? ಹಾಗೇ ಸ್ಟಾಕ್ ಬೆಲೆ ಯಾಕೆ ಬೇರೆ ಬೇರೆ ಆಯಿತು ಅಂತಲೂ ಬರೆಯಿರಿ.

ಪ್ರಶ್ನೆ ಕೇಳಿದವರು

ವರ್ಷದ ಶುರುವಿನಲ್ಲಿ ಫ್ಯಾಕ್ಟರಿ ಓವರ್‌ಹೆಡ್ 39,60,000 ಆಗಬಹುದು, ಮಷಿನ್ 18,000 ಗಂಟೆ ಓಡಬಹುದು ಅಂತ ಹಿಡಿದು ಗಂಟೆಗೆ 220 ರೂಪಾಯಿ ರೇಟ್ ಮಾಡಿದ್ದೆವು. ಓಡಿದ್ದು 16,000 ಗಂಟೆ. ಹಾಗಾಗಿ ಕಾಸ್ಟ್ ಶೀಟ್‌ಗಳಿಗೆ ಹೋದದ್ದು 35,20,000. ಪುಸ್ತಕದಲ್ಲಿ ನಿಜವಾದ ಖರ್ಚು 39,00,000. ಇದರಲ್ಲಿ ಸವಕಳಿ ಸೇರಿದೆ. ಉಳಿದ 3,80,000 ಕಾಸ್ಟಿಂಗ್‌ನಲ್ಲಿ ಎಲ್ಲೂ ಖರ್ಚಿಗೆ ಹಾಕಿಲ್ಲ.

ಸ್ಟಾಕ್ ವಿಷಯ: ಒಬ್ಬ ಗ್ರಾಹಕರು ಡ್ರಾಯಿಂಗ್ ಬದಲಿಸಿದರು. ಹಳೆ ಡ್ರಾಯಿಂಗ್‌ನ ಮಾಲು ಉಳಿಯಿತು. ಆಡಿಟರ್ ಅದನ್ನು ಮಾರುಕಟ್ಟೆ ಬೆಲೆಗೆ ಇಳಿಸಿದರು, 1,50,000 ಕಡಿಮೆ. ಕಾಸ್ಟಿಂಗ್‌ನಲ್ಲಿ ತಯಾರಿಕೆ ಖರ್ಚಿನಲ್ಲೇ ಇದೆ. ಹೋದ ವರ್ಷವೂ ಹೀಗೇ 45,000 ಇಳಿಸಿದ್ದರು. ಆ ಮಾಲು ಈ ವರ್ಷ ಮಾರಾಟವಾಯಿತು.

ಕಾಸ್ಟ್ ಅಕೌಂಟೆಂಟ್, ಹುಬ್ಬಳ್ಳಿ

ನಿಮ್ಮ 90,000 ಸಿಕ್ಕಿತು. ಅದನ್ನು ಎರಡರಿಂದ ಭಾಗಿಸಿ. 45,000, ಅಂದರೆ ನಿಮ್ಮ ಓಪನಿಂಗ್ ಸ್ಟಾಕ್. ಕೂಡಬೇಕಾದದ್ದನ್ನು ಕಳೆದಿದ್ದೀರಿ. ಒಂದು ಮೊತ್ತವನ್ನು ತಪ್ಪು ಕಡೆ ಹಾಕಿದರೆ ವ್ಯತ್ಯಾಸ ಅದರ ಎರಡರಷ್ಟು ಉಳಿಯುತ್ತದೆ. ಎಷ್ಟು ವರ್ಷ ಈ ಕೆಲಸ ಮಾಡಿದ್ದರೂ ತಾಳೆ ಆಗದಿದ್ದಾಗ ನಾನು ಮೊದಲು ಉಳಿಕೆಯ ಅರ್ಧವನ್ನು ಪಟ್ಟಿಯಲ್ಲಿ ಹುಡುಕುತ್ತೇನೆ.

ಯಾಕೆ ಕೂಡಬೇಕು? ಹಳೆ ಮಾಲಿನ 45,000 ನಷ್ಟವನ್ನು ನಿಮ್ಮ ಪುಸ್ತಕ ಹೋದ ವರ್ಷವೇ ನುಂಗಿತ್ತು. ಹಾಗಾಗಿ ಈ ವರ್ಷ ಆ ಮಾಲು ಮಾರಿದಾಗ ಪುಸ್ತಕಕ್ಕೆ ಅದರ ಖರ್ಚು 45,000 ಕಡಿಮೆ. ಕಾಸ್ಟಿಂಗ್ ಮಾತ್ರ ಪೂರ್ತಿ ಖರ್ಚನ್ನು ಈ ವರ್ಷ ಹೊತ್ತಿದೆ. ಅಂದರೆ ಈ ಒಂದು ವಿಷಯದಲ್ಲಿ ಕಾಸ್ಟಿಂಗ್ ಲಾಭವೇ ಕಡಿಮೆ. ಪುಸ್ತಕದ ಲಾಭಕ್ಕೆ ಹೋಗಬೇಕಾದರೆ ಕೂಡಲೇಬೇಕು. ಕ್ಲೋಸಿಂಗ್ ಸ್ಟಾಕ್ ಇದಕ್ಕೆ ಉಲ್ಟಾ. 1,50,000 ನಷ್ಟವನ್ನು ಪುಸ್ತಕ ಈ ವರ್ಷ ಹಿಡಿದಿದೆ, ಕಾಸ್ಟಿಂಗ್ ಹಿಡಿದಿಲ್ಲ. ಅದನ್ನು ಕಳೆದದ್ದು ಸರಿ.

ಇದನ್ನು ಪರೀಕ್ಷಿಸಲು ಹೋದ ವರ್ಷದ ತಾಳೆ ಪಟ್ಟಿ ತೆಗೆಯಿರಿ. ಅಲ್ಲಿ ಇದೇ 45,000 ಕ್ಲೋಸಿಂಗ್ ಸ್ಟಾಕ್ ಹೆಸರಲ್ಲಿ ಕಳೆದ ಕಡೆ ಇರಬೇಕು. ಒಂದು ವರ್ಷ ಕಳೆದದ್ದು ಮುಂದಿನ ವರ್ಷ ಕೂಡುವ ಕಡೆ ಬರುತ್ತದೆ. ಬರದಿದ್ದರೆ ಎಲ್ಲೋ ತಪ್ಪಿದೆ.

ಇನ್ನು ಸವಕಳಿ. ತುಮಕೂರಿನ ಸರ್ ಹೇಳಿದ್ದು ಸಾಮಾನ್ಯವಾಗಿ ನಿಜ. ಸವಕಳಿಯನ್ನು ಕಾಸ್ಟ್ ಶೀಟ್‌ನಲ್ಲಿ ಬೇರೆ ಸಾಲಾಗಿ ತೋರಿಸುವವರಿಗೆ ಅದು ಪ್ರತ್ಯೇಕ ಕಾರಣವೇ. ಇವರಲ್ಲಿ ಹಾಗಿಲ್ಲ. 39,00,000ದಲ್ಲಿ ಪುಸ್ತಕದ ಸವಕಳಿ ಇದೆ, 220ರ ರೇಟ್‌ನಲ್ಲಿ ಕಾಸ್ಟಿಂಗ್ ಸವಕಳಿ ಇದೆ. ಎರಡರ ವ್ಯತ್ಯಾಸ ಆಗಲೇ 3,80,000ದೊಳಗೆ ಕೂತಿದೆ. ಬೇರೆಯಾಗಿ ಬರೆದರೆ ಎರಡು ಸಲ ಎಣಿಸಿದಂತೆ.

ಸರಿಪಡಿಸಿದ ಪಟ್ಟಿ ಹೀಗಿರುತ್ತದೆ:

ಕಾಸ್ಟಿಂಗ್ ಲಾಭ: 32,10,000
ಕಳೆ, ಓವರ್‌ಹೆಡ್ ಕಡಿಮೆ ವಸೂಲಿ: 3,80,000
ಕಳೆ, ಕ್ಲೋಸಿಂಗ್ ಸ್ಟಾಕ್: 1,50,000
ಕೂಡು, ಓಪನಿಂಗ್ ಸ್ಟಾಕ್: 45,000
ಕಳೆ, ಸಾಲದ ಬಡ್ಡಿ: 4,10,000
ಕೂಡು, ಎಫ್‌ಡಿ ಬಡ್ಡಿ: 57,000
ಕೂಡು, ಸ್ವಂತ ಶೆಡ್ ಬಾಡಿಗೆ: 2,40,000
ಪಿ ಅಂಡ್ ಎಲ್ ಲಾಭ: 26,12,000

ಟ್ಯಾಕ್ಸ್ ಪ್ರಾಕ್ಟೀಷನರ್, ತುಮಕೂರು

ಒಪ್ಪಿದೆ ಮೇಡಂ. ಓವರ್‌ಹೆಡ್ ಒಳಗೆ ಸವಕಳಿ ಇದೆ ಅನ್ನುವುದನ್ನು ನಾನು ಕೇಳಬೇಕಿತ್ತು.

ರೈಸ್ ಮಿಲ್, ಗಂಗಾವತಿ

ನಮ್ಮದು ಇದಕ್ಕೆ ಉಲ್ಟಾ. ಕ್ವಿಂಟಲ್ ಲೆಕ್ಕದಲ್ಲಿ ಅಕ್ಕಿಯ ಮೇಲೆ ನಷ್ಟ ತೋರಿಸುತ್ತದೆ. ಪುಸ್ತಕದಲ್ಲಿ ಲಾಭ ಇದೆ. ನಮ್ಮ ಹುಡುಗ ಓವರ್‌ಹೆಡ್ ರೇಟ್ ತಪ್ಪು ಅನ್ನುತ್ತಾನೆ. ನಿಜವಾ?

ಕಾಸ್ಟ್ ಅಕೌಂಟೆಂಟ್, ಹುಬ್ಬಳ್ಳಿ

ಭತ್ತದ ಪೂರ್ತಿ ಖರ್ಚನ್ನು ಅಕ್ಕಿಯ ಮೇಲೇ ಹಾಕುತ್ತೀರಾ? ತೌಡು, ನುಚ್ಚು, ಹೊಟ್ಟು ಮಾರಿದ ಹಣ ಯಾವ ಖಾತೆಗೆ ಹೋಗುತ್ತದೆ?

ರೈಸ್ ಮಿಲ್, ಗಂಗಾವತಿ

ತೌಡು, ನುಚ್ಚು "ಇತರ ಆದಾಯ"ಕ್ಕೆ. ಹೊಟ್ಟು ನಮ್ಮ ಬಾಯ್ಲರ್‌ಗೇ ಹೋಗುತ್ತದೆ, ಮಾರುವುದಿಲ್ಲ.

ಕಾಸ್ಟ್ ಅಕೌಂಟೆಂಟ್, ಹುಬ್ಬಳ್ಳಿ

ಹಾಗಾದರೆ ರೇಟ್ ನೋಡುವ ಮೊದಲು ಇದನ್ನು ನೋಡಿ. ತೌಡು, ನುಚ್ಚಿನ ಹಣ ಕಾಸ್ಟ್ ಶೀಟ್‌ಗೆ ಬರುತ್ತಲೇ ಇಲ್ಲ. ಭತ್ತದ ಖರ್ಚಿನಿಂದ ಅದನ್ನು ಕಳೆದು, ಉಳಿದದ್ದನ್ನು ಅಕ್ಕಿಗೆ ಹಾಕಿ. ಮುಖ್ಯ ವ್ಯತ್ಯಾಸ ಅಲ್ಲೇ ಕರಗಬಹುದು. ಹೊಟ್ಟು ಉರಿಸಿದ್ದರಿಂದ ಇಂಧನದ ಖರ್ಚು ಎರಡೂ ಪುಸ್ತಕಗಳಲ್ಲಿ ಕಡಿಮೆ ಇರುತ್ತದೆ, ಹಾಗಾಗಿ ಅದರಿಂದ ತಾಳೆ ಕೆಡುವುದಿಲ್ಲ. ಹೊಟ್ಟಿಗೆ ಕಾಸ್ಟಿಂಗ್‌ನಲ್ಲಿ ನೀವೇ ಒಂದು ಬೆಲೆ ಕಟ್ಟಿದ್ದರೆ ಮಾತ್ರ ಬೇರೆ ಮಾತು.

ಸಿಎಂಎ ಓದುತ್ತಿರುವವರು, ಮೈಸೂರು

ಮೇಡಂ, ಪರೀಕ್ಷೆಗೆ ಹದಿನೈದು ಇಪ್ಪತ್ತು ಕಾರಣಗಳ ಪಟ್ಟಿ ಬಾಯಿಪಾಠ ಮಾಡುತ್ತೇವೆ. ನೀವು ನಿಜವಾಗಿ ಕೆಲಸ ಮಾಡುವಾಗ ಅದೇ ಪಟ್ಟಿ ಹಿಡಿದು ಹೋಗುತ್ತೀರಾ?

ಕಾಸ್ಟ್ ಅಕೌಂಟೆಂಟ್, ಹುಬ್ಬಳ್ಳಿ

ಪಟ್ಟಿ ಬೇಡ. ನಾನು ಟ್ರಯಲ್ ಬ್ಯಾಲೆನ್ಸ್ ಹಿಡಿದು ಒಂದೊಂದೇ ಖಾತೆಗೆ "ಇದು ಕಾಸ್ಟ್ ಶೀಟ್‌ನಲ್ಲಿ ಎಲ್ಲಿದೆ?" ಅಂತ ಕೇಳುತ್ತಾ ಹೋಗುತ್ತೇನೆ. ಕೆಲವು ಅಲ್ಲಿ ಇರುವುದೇ ಇಲ್ಲ. ಸಾಲದ ಬಡ್ಡಿ, ಎಫ್‌ಡಿ ಬಡ್ಡಿ, ಹಳೆ ಮಷಿನ್ ಮಾರಿದ ಲಾಭ ನಷ್ಟ, ದಂಡ, ದೇಣಿಗೆ, ಡಿವಿಡೆಂಡ್, ಇವೆಲ್ಲ ಪುಸ್ತಕದಲ್ಲಿ ಮಾತ್ರ. ಇವು ಸುಲಭ, ಒಂದು ಗಂಟೆಯಲ್ಲಿ ಮುಗಿಯುತ್ತವೆ. ಕೆಲವು ಎರಡೂ ಕಡೆ ಇರುತ್ತವೆ, ಆದರೆ ಒಂದು ಕಡೆ ಅಂದಾಜು, ಇನ್ನೊಂದು ಕಡೆ ನಿಜ. ಓವರ್‌ಹೆಡ್ ಹೀಗೆ. ಸ್ಟಾಕ್ ಎರಡೂ ಕಡೆ ಇರುತ್ತದೆ, ಬೆಲೆ ಕಟ್ಟುವ ರೀತಿ ಬೇರೆ. ಸಮಯ ಎಲ್ಲ ಹೋಗುವುದು ಈ ಎರಡರಲ್ಲೇ.

ಆಮೇಲೆ ಕಾಸ್ಟ್ ಶೀಟ್ ಹಿಡಿದು ಹಿಂದಕ್ಕೆ ಬರುತ್ತೇನೆ. ಪುಸ್ತಕದಲ್ಲಿ ಇಲ್ಲದ್ದು ಅಲ್ಲಿ ಏನಾದರೂ ಇದೆಯಾ? ಈ ಸ್ವಂತ ಶೆಡ್ ಬಾಡಿಗೆ ಅಂಥದ್ದು. ಯಾರಿಗೂ ಕೊಡದ ಹಣ, ಕೊಟೇಷನ್ ಕೊಡಲು ಅನುಕೂಲ ಅಂತ ಹಾಕಿದ್ದು. ಒಳಗಿನ ಬಳಕೆಗೆ ತೊಂದರೆ ಇಲ್ಲ. ಆದರೆ ಕಾನೂನಿನ ಪ್ರಕಾರ ಇಡುವ ಕಾಸ್ಟ್ ರೆಕಾರ್ಡ್‌ನಲ್ಲಿ ಹೀಗೆ ಕಲ್ಪಿಸಿದ ಖರ್ಚು ಸೇರಿಸಲು ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಈ ಪಟ್ಟಿ ನಮಗೆ ಕಡ್ಡಾಯವಾ ಮೇಡಂ? ನಮ್ಮದು ಪ್ರೈವೇಟ್ ಲಿಮಿಟೆಡ್, ವಹಿವಾಟು 6 ಕೋಟಿ ಹತ್ತಿರ.

ಕಾಸ್ಟ್ ಅಕೌಂಟೆಂಟ್, ಹುಬ್ಬಳ್ಳಿ

ಇಲ್ಲ. 2014ರ ಕಾಸ್ಟ್ ರೆಕಾರ್ಡ್ಸ್ ಅಂಡ್ ಆಡಿಟ್ ನಿಯಮಗಳು ಪಟ್ಟಿ ಮಾಡಿದ ಉದ್ಯಮಗಳಿಗೆ, ಅದೂ ಹಿಂದಿನ ವರ್ಷದ ವಹಿವಾಟು 35 ಕೋಟಿ ಮುಟ್ಟಿದ ಕಂಪನಿಗಳಿಗೆ. ಮೈಕ್ರೋ, ಸ್ಮಾಲ್ ಘಟಕಗಳನ್ನು ಹೊರಗಿಟ್ಟಿದ್ದಾರೆ. ಕಾಸ್ಟ್ ಆಡಿಟ್ ಆಗುವ ಕಂಪನಿಗೆ ಮಾತ್ರ ಆಡಿಟ್ ವರದಿಯ ನಮೂನೆಯಾದ ಸಿಆರ್‌ಎ-3ರ ಅನುಬಂಧದಲ್ಲಿ ಲಾಭದ ತಾಳೆ ತೋರಿಸಲೇಬೇಕು. ನೀವು ಮಾಡುತ್ತಿರುವುದು ನಿಮ್ಮ ಮಾಲೀಕರಿಗೋಸ್ಕರ.

ಅವರ ಪ್ರಶ್ನೆಗೆ ಬರುತ್ತೇನೆ. ತೆರಿಗೆ ಲೆಕ್ಕ ಶುರುವಾಗುವುದು, ಬ್ಯಾಂಕಿಗೆ ತೋರಿಸುವುದು 26,12,000ದ ಲಾಭವೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಿಗೆ ತೋರಿಸಬೇಕಾದ ಸಾಲು 3,80,000. ಅದನ್ನು ಒಡೆದು ತೋರಿಸಿ. ಖರ್ಚು ಅಂದಾಜಿಗಿಂತ ಜಾಸ್ತಿ ಆಗಿಲ್ಲ, 60,000 ಕಡಿಮೆಯೇ ಆಗಿದೆ. ಆದರೆ 2,000 ಗಂಟೆ ಮಷಿನ್ ಓಡಲಿಲ್ಲ. ಗಂಟೆಗೆ 220ರಂತೆ 4,40,000. ಅದರಲ್ಲಿ 60,000 ಕಳೆದರೆ 3,80,000. ಅಂದರೆ ಇಡೀ ಸಮಸ್ಯೆ ಖಾಲಿ ನಿಂತ ಮಷಿನ್‌ನದ್ದು, ಖರ್ಚಿನದ್ದಲ್ಲ. ಒಂದು ಎಚ್ಚರಿಕೆ: 39,60,000ದಲ್ಲಿ ಕರೆಂಟ್ ಬಿಲ್ ದೊಡ್ಡ ಪಾಲಾಗಿದ್ದರೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಮಷಿನ್ ನಿಂತಾಗ ಅದೂ ಇಳಿಯುತ್ತದಲ್ವಾ. ಆಗ 60,000 ಉಳಿತಾಯ ನಿಜವಾದ ಉಳಿತಾಯ ಆಗಿರಲಿಕ್ಕಿಲ್ಲ.

ಪ್ರಶ್ನೆ ಕೇಳಿದವರು

ಹೋದ ವರ್ಷದ ಪಟ್ಟಿ ತೆಗೆದೆ. 45,000 ಕಳೆದ ಕಡೆಯೇ ಇದೆ! ಕರೆಂಟ್ ಬೇರೆ ಖಾತೆಯಲ್ಲಿ ನೇರವಾಗಿ ಕೆಲಸಕ್ಕೆ ಹಾಕುತ್ತೇವೆ, ಓವರ್‌ಹೆಡ್‌ನಲ್ಲಿ ಇಲ್ಲ. ಮಾಲೀಕರಿಗೆ ಹೇಳಿದೆ. ಅವರು ಈಗ "ಹಾಗಾದರೆ ಮುಂದಿನ ವರ್ಷ 16,000 ಗಂಟೆಗೇ ರೇಟ್ ಮಾಡು, ಪೂರ್ತಿ ವಸೂಲಾಗಲಿ" ಅನ್ನುತ್ತಿದ್ದಾರೆ.

ಕಾಸ್ಟ್ ಅಕೌಂಟೆಂಟ್, ಹುಬ್ಬಳ್ಳಿ

ಹಾಗೆ ಮಾಡಿದರೆ ರೇಟ್ 247.50 ಆಗುತ್ತದೆ. ತಾಳೆ ಪಟ್ಟಿ ಚೆಂದ ಕಾಣುತ್ತದೆ, ಕೊಟೇಷನ್ ಏರುತ್ತದೆ. ಆರ್ಡರ್ ಇನ್ನೂ ಕಡಿಮೆಯಾದರೆ ಗಂಟೆ ಮತ್ತೆ ಇಳಿಯುತ್ತದೆ. ನಾನಾದರೆ 18,000 ಬಿಡುವುದಿಲ್ಲ.

ಫೌಂಡ್ರಿ ಮಾಲೀಕರು, ಬೆಳಗಾವಿ

ಮೇಡಂ, ಇದನ್ನು ನಾನು ಒಪ್ಪುವುದಿಲ್ಲ. ಎರಡು ವರ್ಷ ಸತತ 16,000 ಓಡಿದರೆ ಅದೇ ಅವರ ನಿಜವಾದ ಸಾಮರ್ಥ್ಯ. 18,000 ಆಸೆಯ ಲೆಕ್ಕ. ಕಡಿಮೆ ರೇಟ್‌ಗೆ ಒಪ್ಪಿಕೊಂಡು ನಾನು ಕೈ ಸುಟ್ಟುಕೊಂಡಿದ್ದೇನೆ.

ಕಾಸ್ಟ್ ಅಕೌಂಟೆಂಟ್, ಹುಬ್ಬಳ್ಳಿ

ಗಂಟೆ ಯಾಕೆ ಕಡಿಮೆ ಆಯಿತು ಅನ್ನುವುದರ ಮೇಲೆ ಹೋಗುತ್ತದೆ ಸರ್. ಆರ್ಡರ್ ಇಲ್ಲದೆ ನಿಂತಿದ್ದರೆ ನಿಮ್ಮ ಮಾತಿನಲ್ಲಿ ತೂಕ ಇದೆ. ಫೌಂಡ್ರಿಯಿಂದ ಎರಕದ ಪೀಸ್ ಬರದೆ, ಆಪರೇಟರ್ ಇಲ್ಲದೆ ನಿಂತಿದ್ದರೆ ಸಾಮರ್ಥ್ಯ 18,000ವೇ. ಮಷಿನ್‌ವಾರು ಲಾಗ್ ಇದೆಯಾ?

ಪ್ರಶ್ನೆ ಕೇಳಿದವರು

ಜುಲೈನಿಂದ ಮಾತ್ರ ಇದೆ. ಅದರಲ್ಲಿ ಎರಡು ಲೇತ್ ಜಾಸ್ತಿ ನಿಂತದ್ದು ಪೀಸ್ ಬರದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಯಾರೂ ಬರೆದಿಟ್ಟಿಲ್ಲ. ಸೂಪರ್‌ವೈಸರ್ ಹತ್ತಿರ ಹಾಜರಿ ಪುಸ್ತಕ, ಇನ್‌ವರ್ಡ್ ರಿಜಿಸ್ಟರ್ ಕೇಳಿದ್ದೇನೆ. ಸಿಕ್ಕಿದರೆ ಇಲ್ಲೇ ಹಾಕುತ್ತೇನೆ.