ಕನ್ನಡಕದ ಫೋಟೋದಲ್ಲಿ ಗಾಜು ಗಾಜಿನ ಹಾಗೇ ಕಾಣಬೇಕು, ನೀವೇನು ಮಾಡಿದಿರಿ?

ಕೇಳಿದವರು: ಹುಬ್ಬಳ್ಳಿಯಲ್ಲಿ ಅಣ್ಣನದು ಕನ್ನಡಕದ ಅಂಗಡಿ. ಆನ್‌ಲೈನ್‌ಗೆ 40 ಫ್ರೇಮಿನ ಫೋಟೋ ಬೇಕು. ಒಂದೋ ಗಾಜಿನಲ್ಲಿ ನಾನೇ ಕಾಣುತ್ತೇನೆ, ಇಲ್ಲವೇ ಗಾಜೇ ಇಲ್ಲದಂತೆ ಕಾಣುತ್ತದೆ. ಹಿಂದಿನ ಕಡ್ಡಿಯೂ ಸೊಟ್ಟ. ಅನುಭವ ಇದ್ದವರು ಹೇಳಿ.

ಕ್ಯಾಮೆರಾ ಹುಚ್ಚ: ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿ, ಮುಗೀತು. ನಾನು 4,200 ಕೊಟ್ಟು ತಂದೆ. ಓರೆಯಿಂದ ತೆಗೆದೆ, ಹೊಳಪು ಮಾಯ.

ದಾವಣಗೆರೆ ಸ್ಟುಡಿಯೋ: ಓರೆಯಿಂದ ತೆಗೆದಿರಿ, ಅದಕ್ಕೇ ಹೋಯಿತು. ನೇರ ಎದುರು ನಿಂತರೆ ಆ ಫಿಲ್ಟರ್ ಸುಮ್ನೆ ಬೆಳಕು ನುಂಗುತ್ತದೆ, ಅಷ್ಟೇ. ಲೋಹದ ಫ್ರೇಮಿನ ಮಿಂಚೂ ಹೋಗುವುದಿಲ್ಲ. ನಾನೂ ನಂಬಿ ಕೆಟ್ಟವನೇ. ಹಿಂದೆ ಬಿಳಿ ಬೇಕೆಂದು ಕಂಪ್ಯೂಟರ್ ಪರದೆ ಇಟ್ಟು, ಮುಂದೆ ಪೋಲರೈಸರ್ ಹಾಕಿ 62 ಫೋಟೋ ತೆಗೆದೆ. ಹೊಸ ಫ್ರೇಮಿನಲ್ಲಿ ಬರುವ ಪವರ್ ಇಲ್ಲದ ಪ್ಲಾಸ್ಟಿಕ್ ಡಮ್ಮಿ ಲೆನ್ಸಿನ ತುಂಬ ಕಾಮನಬಿಲ್ಲು! ಅಷ್ಟೂ ವಾಪಸ್ ಬಂತು. ಎರಡು ವಾರ, 3,700 ರೂಪಾಯಿ ನೀರುಪಾಲು.

ಈಗ ಹಿಂದೆ ಟ್ರೇಸಿಂಗ್ ಪೇಪರ್, ಅದರ ಹಿಂದೆ ಲೈಟು. ನನ್ನ ಮುಂದೆ ತೂತು ಕೊರೆದ ಕಪ್ಪು ಚಾರ್ಟು, ಕ್ಯಾಮೆರಾ ಲೆನ್ಸ್ ಮಾತ್ರ ಹೊರಗೆ. ಡಮ್ಮಿ ಲೆನ್ಸ್ ಇದ್ದಾಗ ಒಂದು ಫೋಟೋ, ಬಿಚ್ಚಿ ಇನ್ನೊಂದು. ಆಮೇಲೆ ಎಡಿಟ್ ಮಾಡುವಾಗ ಗಾಜಿದ್ದ ಫೋಟೋವನ್ನು ಮೇಲಿಟ್ಟು, ಗಾಜಿನ ಭಾಗವಷ್ಟೇ ಉಳಿಸಿ, Opacity 30ಕ್ಕೆ ಇಳಿಸುತ್ತೇನೆ. ಗಾಜಿನೊಳಗಿನ ಬಿಳಿ ಹೊರಗಿನ ಬಿಳಿಗಿಂತ ಒಂದು ಎಳೆ ಮಾಸಲಿರಬೇಕು. ಎರಡೂ ಒಂದೇ ಆದರೆ ಖಾಲಿ ಫ್ರೇಮ್ ಅನಿಸುತ್ತದೆ. ಫ್ರೇಮ್ ಕೂದಲೆಳೆ ಸರಿದರೂ ಕಡ್ಡಿ ಎರಡೆರಡು ಕಾಣುತ್ತದೆ, ಅದಕ್ಕೇ ಟೇಬಲ್ ಮೇಲೆ ಪೆನ್ಸಿಲ್ ಗುರುತು ಹಾಕಿಕೊಳ್ಳುತ್ತೇನೆ.

ಉಡುಪಿ ಆಪ್ಟಿಷಿಯನ್: ಬಿಚ್ಚಿ ಅಂತ ಸುಲಭವಾಗಿ ಹೇಳಿಬಿಟ್ಟಿರಿ! ನಮ್ಮ ಹುಡುಗ ಅಸಿಟೇಟ್ ಫ್ರೇಮನ್ನು ಬಿಸಿ ಮಾಡದೆ ಒತ್ತಿದ. ಫಟ್ ಅಂತ ಬಿರುಕು. ಎರಡು ಫ್ರೇಮು, 1,350 ಒಂದೊಂದಕ್ಕೆ. ನಿಮ್ಮ ಕಡ್ಡಿ ಸೊಟ್ಟ ಅಂದಿರಲ್ಲ, ಗಾಜಿಗೆ ಪವರ್ ಇದೆಯಾ? ನಾನು ನನ್ನದೇ ಮೈನಸ್ 4ರ ಕನ್ನಡಕ ಇಟ್ಟು ತೆಗೆದಿದ್ದೆ. ಗಾಜಿನ ಅಂಚಿನಲ್ಲಿ ಕಡ್ಡಿ ಒಳಗೆ ಜರುಗಿ ಮುರಿದಂತೆ ಕಂಡಿತು. ಪ್ಲಸ್ ಆದರೆ ಉಬ್ಬುತ್ತದೆ. ಅಂದಹಾಗೆ ಕೋಟಿಂಗ್ ಇಲ್ಲದ ಗಾಜು ಮಾರಲೇಬೇಡಿ, ಗಿರಾಕಿ ಬೈಯ್ತಾರೆ.

ಕ್ಯಾಮೆರಾ ಹುಚ್ಚ: ಅವರು ಕೇಳಿದ್ದು ಫೋಟೋ, ವ್ಯಾಪಾರ ಅಲ್ಲ. ಎರಡು ಫೋಟೋ ಅಂಟಿಸೋದು ಮೋಸ ಅಲ್ವಾ?

ದಾವಣಗೆರೆ ಸ್ಟುಡಿಯೋ: ಮೋಸವಂತೆ! ಗಿರಾಕಿಗೆ ಡಮ್ಮಿ ಲೆನ್ಸ್ ಹೋಗುತ್ತದಾ? ಅವರ ಗಾಜೇ ಬೇರೆ.

ಉಡುಪಿ ಆಪ್ಟಿಷಿಯನ್: ಪೂರ್ತಿ ತಪ್ಪಲ್ಲ ಅವರ ಮಾತು. ಹೊಳಪೇ ಇಲ್ಲದ ಫೋಟೋ ನೋಡಿ ಕೊಂಡವರೊಬ್ಬರು "ನಿಮ್ಮ ಗಾಜು ಮಿಂಚುತ್ತೆ" ಅಂತ ವಾಪಸ್ ಕಳಿಸಿದರು. ಕೊರಿಯರ್ 140 ನನ್ನ ತಲೆಗೆ.

ಕೇಳಿದವರು: ಈಗ ನೋಡಿದೆ. ಅಣ್ಣ ಕೊಟ್ಟದ್ದು ಅವನದೇ ಹಳೇ ಕನ್ನಡಕ, ಮೈನಸ್ 5.