ಪದಚರ್ಚೆ: ವಾಹನ ವಿಮೆಯ ಪತ್ರದಲ್ಲಿ ‘ತಗ್ಗು’, ‘ಸೀಳು’, ‘ಗೀರು’

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ಶರಣು. ನಮ್ಮ ಟೈಪಿಂಗ್ ಅಂಗಡಿಗೆ ಬರುವವರಿಗೆ ಅರ್ಜಿ, ಪತ್ರಗಳನ್ನು ಬರೆದುಕೊಡುತ್ತೇನೆ. ಈಗ ಒಬ್ಬರ ವಿಮೆ ಪತ್ರ ಕೈಯಲ್ಲಿದೆ. ಸೇಡಂ ರಸ್ತೆಯ ಮನೆಯೊಂದರ ಗೇಟಿನೊಳಗೆ ಕಾರು ತಿರುಗಿಸುವಾಗ ನಿಲ್ಲಿಸಿಟ್ಟಿದ್ದ ಶಹಾಬಾದ್ ಫರ್ಸಿ ಕಲ್ಲಿನ ಅಂಚು ಮುಂಭಾಗಕ್ಕೆ ತಾಗಿದೆ. ಯಾರಿಗೂ ಪೆಟ್ಟಾಗಿಲ್ಲ, ಬೇರೆ ವಾಹನವೂ ಇಲ್ಲ. ಮಾಲೀಕರು ಫೋಟೊಗಳನ್ನೂ ಗ್ಯಾರೇಜಿನ ಅಂದಾಜು ಪಟ್ಟಿಯನ್ನೂ ವಿಮಾ ಕಂಪನಿಯ ಜಾಲತಾಣಕ್ಕೆ ಏರಿಸಿದ್ದಾರೆ. ಅವೆರಡಕ್ಕೂ ಹೊಂದುವ ಪತ್ರವೊಂದು ಅವರಿಗೆ ಬೇಕು.

ಬಂಪರ್‌ನ ಮೂಲೆ ಒಡೆದಿದೆ, ಅದರ ಪಕ್ಕದ ಫೆಂಡರ್‌ನ ತಗಡು ಒಳಗೆ ಹೋಗಿದೆ, ಬಣ್ಣವೂ ಎದ್ದಿದೆ. ನಮ್ಮ ಕಡೆ ಇದಕ್ಕೆಲ್ಲ ‘ತಗ್ಗು ಬಿದ್ದದ, ಸೀಳ್ಯದ, ಗೀರಾಗ್ಯದ’ ಎನ್ನುತ್ತೇವೆ. ‘ತಗ್ಗು’ ಎಂದು ಬರೆದರೆ ಬೆಂಗಳೂರಿನ ಕಚೇರಿಯವರು ರಸ್ತೆಯ ಗುಂಡಿ ಎಂದು ತಿಳಿದಾರೇ? ‘ನೆಗ್ಗು’ ಎಂದು ಬರೆದರೆ ಮಾಲೀಕರಿಗೇ ತಿಳಿಯದು. ‘ವಾಹನಕ್ಕೆ ಹಾನಿಯಾಗಿದೆ’ ಎಂಬ ಒಂದೇ ಮಾತು ಸಾಕಾಗುವುದೇ?

ಉತ್ತರ (ಬೀದರಿನ ನಿವೃತ್ತ ಕನ್ನಡ ಶಿಕ್ಷಕರಿಂದ)

‘ಹಾನಿ’ ಎಂಬುದು ಧಾರಾಳವಾಗಿ ಸಾಕು. ಹಾನಿ ವಸ್ತುವಿಗೆ ಆಗುವುದು, ನಷ್ಟ ಅದರಿಂದ ಹಣದಲ್ಲಿ ಆಗುವುದು. ಈ ಭೇದವನ್ನು ಕಾಯ್ದುಕೊಂಡರೆ ಪತ್ರ ಸ್ವಚ್ಛವಾಗಿರುತ್ತದೆ. ಮಾಡಬೇಕಾದ ಕೆಲಸಕ್ಕೆ ನಮ್ಮಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿರುವ ‘ದುರಸ್ತಿ’ ಇದ್ದೇ ಇದೆ. ‘ವಾಹನದ ದುರಸ್ತಿಗೆ ರೂ. 12,100 ಪರಿಹಾರ ಮಂಜೂರು ಮಾಡಬೇಕು’ ಎಂದು ಬರೆಯಿರಿ, ಎಲ್ಲವೂ ಅದರಲ್ಲಿ ಅಡಗುತ್ತದೆ. ಜೊತೆಗೆ ಪೊಲೀಸ್ ಠಾಣೆಯ ಪಂಚನಾಮೆಯನ್ನು ಲಗತ್ತಿಸಿ.

ಉತ್ತರ (ಯಾದಗಿರಿಯಿಂದ)

ನನ್ನದೂ ಇದೇ ಪ್ರಕರಣ. ನಿಲ್ಲಿಸಿದ್ದ ನನ್ನ ಬೈಕ್ ಗಾಳಿಗೆ ಉರುಳಿ ಕನ್ನಡಿ ಒಡೆದು, ಟ್ಯಾಂಕ್ ತಗ್ಗಾಯಿತು. ನನ್ನ ಬಳಿ ಥರ್ಡ್ ಪಾರ್ಟಿ ಪಾಲಿಸಿ ಇದೆ. ಈ ಪತ್ರದ ಮಾದರಿಯನ್ನೇ ನಾನೂ ಕಳಿಸಬಹುದೇ?

ಉತ್ತರ (ಕಲಬುರಗಿಯಿಂದ, ವಾಹನ ವಿಮೆಯ ಸರ್ವೇ ಕೆಲಸ ಬಲ್ಲವರು)

ಯಾದಗಿರಿಯ ಸಹೋದರರಿಗೆ ಮೊದಲು ಹೇಳಿಬಿಡುತ್ತೇನೆ. ಥರ್ಡ್ ಪಾರ್ಟಿ ಪಾಲಿಸಿ ನಿಮ್ಮ ವಾಹನದಿಂದ ಇತರರಿಗೆ ಆದ ಹಾನಿಗೆ ಮಾತ್ರ. ನಿಮ್ಮದೇ ಬೈಕಿನ ಟ್ಯಾಂಕಿಗೆ ಅದರಲ್ಲಿ ಏನೂ ಬಾರದು. ಪತ್ರದ ಭಾಷೆ ಎಷ್ಟೇ ಚೆನ್ನಾಗಿದ್ದರೂ ಬಾರದು.

ಮಾಸ್ತರರು ಹಾನಿ ಮತ್ತು ನಷ್ಟದ ಬಗ್ಗೆ ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಯಾರಿಗೂ ಗಾಯವಾಗದ, ಬೇರೆಯವರ ಆಸ್ತಿಗೆ ಧಕ್ಕೆಯಾಗದ ಇಂಥ ಚಿಕ್ಕ ಪ್ರಕರಣಕ್ಕೆ ಸಾಮಾನ್ಯವಾಗಿ ಪಂಚನಾಮೆ ಕೇಳುವುದಿಲ್ಲ. ‘ದುರಸ್ತಿ’ಯ ಮಾತಿಗೂ ನನ್ನ ತಕರಾರಿದೆ. ಅಂದಾಜು ಪಟ್ಟಿಯಲ್ಲಿ ಪ್ರತಿ ಭಾಗದ ಎದುರು ಅದನ್ನು ಬದಲಿಸುವುದೋ ಸರಿಪಡಿಸುವುದೋ ಎಂಬುದು ಇರುತ್ತದೆ. ವಿಮಾ ಕಂಪನಿಯ ಲೆಕ್ಕ ಕವಲೊಡೆಯುವುದು ಅಲ್ಲಿಯೇ. ಸೀಳಿದ ಪ್ಲಾಸ್ಟಿಕ್ ಬಂಪರನ್ನು ಬದಲಿಸುತ್ತಾರೆ, ತಗ್ಗಾದ ಫೆಂಡರನ್ನು ಟಿಂಕರಿಂಗ್ ಮಾಡಿ ಎತ್ತುತ್ತಾರೆ, ಬರೀ ಗೀರಿದ್ದರೆ ಬಣ್ಣ ಮಾತ್ರ. ಪತ್ರದಲ್ಲಿ ‘ಬಂಪರ್‌ಗೆ ಗೀರು’ ಎಂದಿದ್ದು, ಪಟ್ಟಿಯಲ್ಲಿ ಹೊಸ ಬಂಪರ್‌ನ ಬೆಲೆ ಇದ್ದರೆ, ಕಡತ ನೋಡುವವರು ಅಲ್ಲಿಯೇ ನಿಂತು ವಿವರಣೆ ಕೇಳುತ್ತಾರೆ. ಅಂದಾಜು ರೂ. 50,000ಕ್ಕಿಂತ ಕಡಿಮೆ ಇರುವ ವಾಹನ ಹಾನಿಗೆ ಪರವಾನಗಿ ಪಡೆದ ಸರ್ವೇಯರ್ ಕಡ್ಡಾಯವಲ್ಲದ ಕಾರಣ, ಇಂಥವುಗಳನ್ನು ಅನೇಕ ವೇಳೆ ಫೋಟೊ ನೋಡಿಯೇ ತೀರ್ಮಾನಿಸುತ್ತಾರೆ. ಹಾಗಾಗಿ ಪತ್ರ, ಫೋಟೊ, ಪಟ್ಟಿ ಮೂರೂ ಒಂದೇ ಮಾತು ಆಡಬೇಕು.

ನೀವು ಕಳಿಸಿದ ಫೋಟೊಗಳನ್ನು ನೋಡಿದೆ. ಸೀಳಿನ ಅಂಚು ಸ್ವಚ್ಛವಾಗಿದೆ, ಅದರೊಳಗೆ ಧೂಳು ಕೂತಿಲ್ಲ. ಫೆಂಡರ್‌ನಲ್ಲಿ ಬಣ್ಣ ಎದ್ದ ಕಡೆ ತಗಡು ಹೊಳೆಯುತ್ತಿದೆ, ತುಕ್ಕು ಇಲ್ಲ. ಇದು ಹೊಸ ಹಾನಿ ಎಂದು ನೋಡಿದವರಿಗೆ ತಿಳಿಯುತ್ತದೆ. ಆದರೆ ಅದೇ ಬಂಪರ್‌ನ ಇನ್ನೊಂದು ತುದಿಯಲ್ಲಿ ಮಣ್ಣು ಮೆತ್ತಿ ಕಪ್ಪಾದ ಹಳೆಯ ಗೀರೊಂದಿದೆ. ‘ಮುಂಭಾಗಕ್ಕೆ ಹಾನಿ’ ಎಂದಷ್ಟೇ ಬರೆದರೆ ಅದನ್ನೂ ಸೇರಿಸಿ ಕೇಳಿದಂತಾಗಿ, ಉಳಿದದ್ದರ ಮೇಲೂ ಅನುಮಾನ ಬರುತ್ತದೆ. ಅದನ್ನು ಈ ಕೋರಿಕೆಯಿಂದ ಹೊರಗಿಟ್ಟಿದ್ದೀರೆಂದು ಪತ್ರದಲ್ಲಿಯೇ ಹೇಳಿಬಿಡಿ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ನಿಮ್ಮ ಕರಡಿನಲ್ಲಿ ‘ಬಲಬದಿ’ ಎಂದಿದೆ, ಪಟ್ಟಿಯಲ್ಲಿ ‘ಎಡಬದಿ’ ಎಂದಿದೆ. ಪಟ್ಟಿಯೇ ಸರಿ. ವಾಹನದ ಎಡ ಬಲಗಳನ್ನು ಚಾಲಕನ ಸೀಟಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂತವರ ಲೆಕ್ಕದಲ್ಲಿ ಹೇಳಬೇಕು. ಮುಂದೆ ನಿಂತು ತೆಗೆದ ಫೋಟೊದಲ್ಲಿ ಎಡಬದಿ ಬಲಕ್ಕೆ ಕಾಣುತ್ತದೆ.

ಪ್ರಶ್ನೆ ಕೇಳಿದವರಿಂದ

ಎಡ ಬಲದ ವಿಷಯ ತಿಳಿಸಿದ್ದಕ್ಕೆ ಉಪಕಾರವಾಯಿತು ಮೇಡಂ. ಮಾಲೀಕರು ರೂ. 12,100 ಪೂರ್ತಿ ಬರುತ್ತದೆಂದು ನಂಬಿದ್ದಾರೆ. ಪತ್ರದಲ್ಲಿ ಆ ಮೊತ್ತವನ್ನು ‘ಪರಿಹಾರ’ ಎನ್ನಲೇ, ‘ಅಂದಾಜು’ ಎನ್ನಲೇ?

ಉತ್ತರ (ಸರ್ವೇ ಕೆಲಸ ಬಲ್ಲವರಿಂದ)

‘ದುರಸ್ತಿ ಮತ್ತು ಬದಲಾವಣೆಯ ಅಂದಾಜು ವೆಚ್ಚ’ ಎನ್ನಿರಿ. ಪರಿಹಾರ ಎಷ್ಟೆಂದು ನೀವು ಹೇಳಲಾಗದು, ಏಕೆಂದರೆ ಅದು ಖಂಡಿತವಾಗಿ ಕಡಿಮೆ ಇರುತ್ತದೆ. ತೆರಿಗೆ ಬಿಟ್ಟು ನಿಮ್ಮ ಪಟ್ಟಿಯನ್ನೇ ನೋಡೋಣ: ಹೊಸ ಬಂಪರ್ ರೂ. 4,000, ಜೋಡಣೆ ಮತ್ತು ಟಿಂಕರಿಂಗ್ ಕೂಲಿ ರೂ. 2,100, ಬಣ್ಣ ರೂ. 6,000. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಸವಕಳಿಯೆಂದು ಅರ್ಧ ಕಳೆದು ರೂ. 2,000 ಕೊಡುತ್ತಾರೆ. ಕೂಲಿಗೆ ಸವಕಳಿ ಇಲ್ಲ. ಬಣ್ಣದ ಬಿಲ್ಲು ಒಟ್ಟಾಗಿರುವಾಗ ಅದರ ಶೇಕಡಾ 25 ಅಂದರೆ ರೂ. 1,500 ಬಣ್ಣದ ಸಾಮಗ್ರಿ ಎಂದು ಹಿಡಿದು ಅದರ ಅರ್ಧ ರೂ. 750 ಕಳೆಯುತ್ತಾರೆ, ರೂ. 5,250 ಉಳಿಯಿತು. ಒಟ್ಟು ರೂ. 9,350. ಕಾರು 1,500 ಸಿಸಿ ಒಳಗಿನದಾದ್ದರಿಂದ ಮಾಲೀಕರು ಕಡ್ಡಾಯವಾಗಿ ಹೊರಬೇಕಾದ ರೂ. 1,000 ಕಳೆದರೆ ಕೈಗೆ ಬರುವುದು ರೂ. 8,350ರ ಸುಮಾರು. ‘ಜೀರೊ ಡೆಪ್’ ಸೇರಿಸಿಕೊಂಡಿದ್ದರೆ ಸವಕಳಿ ಕಳೆಯುವುದಿಲ್ಲ, ಆದರೆ ಆ ಸಾವಿರ ಹೋಗಿಯೇ ಹೋಗುತ್ತದೆ. ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ನೋ ಕ್ಲೇಮ್ ಬೋನಸ್ ಕೂಡ ಹೋಗುತ್ತದೆಂಬುದನ್ನು ಮಾಲೀಕರಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದೇ ಪತ್ರ ಕಳಿಸಿ.

ಪತ್ರದ ನಡುವಿನ ಭಾಗ ಹೀಗಿರಲಿ:

‘ಮನೆಯ ಗೇಟಿನೊಳಗೆ ನಿಧಾನವಾಗಿ ತಿರುಗಿಸುವಾಗ ಕಲ್ಲಿನ ಅಂಚು ತಾಗಿ, ವಾಹನದ ಮುಂಭಾಗದ ಬಂಪರ್‌ನ ಎಡ ಮೂಲೆ ಸೀಳಿದೆ (ಫೋಟೊ 2 ಮತ್ತು 3), ಎಡಬದಿಯ ಮುಂದಿನ ಫೆಂಡರ್ ತಗ್ಗಾಗಿ (ಡೆಂಟ್) ಬಣ್ಣ ಎದ್ದಿದೆ (ಫೋಟೊ 4). ನೋಂದಣಿ ಸಂಖ್ಯೆ ಕಾಣುವಂತೆ ತೆಗೆದ ಪೂರ್ಣ ವಾಹನದ ಚಿತ್ರ ಫೋಟೊ 1ರಲ್ಲಿದೆ. ಬಂಪರ್ ಬದಲಾವಣೆಗೂ ಫೆಂಡರ್‌ನ ದುರಸ್ತಿ ಹಾಗೂ ಬಣ್ಣಕ್ಕೂ ಗ್ಯಾರೇಜಿನವರು ನೀಡಿದ ಅಂದಾಜು ವೆಚ್ಚ, ತೆರಿಗೆ ಹೊರತುಪಡಿಸಿ, ರೂ. 12,100. ಬಂಪರ್‌ನ ಬಲ ತುದಿಯ ಗೀರು ಹಳೆಯದಾಗಿದ್ದು, ಅದನ್ನು ಈ ಕೋರಿಕೆಯಲ್ಲಿ ಸೇರಿಸಿಲ್ಲ. ಪಾಲಿಸಿಯ ಷರತ್ತುಗಳಂತೆ ಪರಿಹಾರವನ್ನು ನಿರ್ಧರಿಸಿ ಮಂಜೂರು ಮಾಡಬೇಕಾಗಿ ಕೋರುತ್ತೇನೆ.’

ಉತ್ತರ (ಬೀದರಿನ ಶಿಕ್ಷಕರಿಂದ)

ಬದಲಾವಣೆ ಮತ್ತು ದುರಸ್ತಿ ಬೇರೆಯೆಂಬುದನ್ನು ಒಪ್ಪುತ್ತೇನೆ. ಆದರೆ ಕನ್ನಡ ಪತ್ರದಲ್ಲಿ ‘ತಗ್ಗಾಗಿ’ ಎಂಬುದರ ಪಕ್ಕ ‘ಡೆಂಟ್’ ಬೇಕೇ? ‘ಫೆಂಡರ್‌ನ ತಗಡು ಒಳಕ್ಕೆ ಬಾಗಿ’ ಎಂದರೆ ಬೀದರಿನವರಿಗೂ ಬೆಂಗಳೂರಿನವರಿಗೂ ತಿಳಿಯುತ್ತದೆ.

ಉತ್ತರ (ಸರ್ವೇ ಕೆಲಸ ಬಲ್ಲವರಿಂದ)

ತಿಳಿಯುತ್ತದೆ, ಸರ್. ಆದರೆ ಪಟ್ಟಿಯಲ್ಲಿ ಗ್ಯಾರೇಜಿನವರು ‘ಡೆಂಟ್’ ಎಂದೇ ಬರೆದಿದ್ದಾರೆ. ಆ ಪದವನ್ನು ಕೈಬಿಡಲು ನನಗೆ ಮನಸ್ಸಿಲ್ಲ.

ಪ್ರಶ್ನೆ ಕೇಳಿದವರಿಂದ

‘ತಗಡು ಒಳಕ್ಕೆ ಬಾಗಿ ಡೆಂಟ್ ಆಗಿದೆ’ ಎಂದು ತಿದ್ದಿಕೊಂಡಿದ್ದೇನೆ. ಬೋನಸ್ಸಿನ ಲೆಕ್ಕ ನೋಡಿ ಹೇಳುತ್ತೇನೆಂದು ಮಾಲೀಕರು ಹಳೆಯ ಪಾಲಿಸಿ ತರಲು ಹೋಗಿದ್ದಾರೆ. ಅವರು ಬೇಡವೆಂದರೆ ಪತ್ರ ಇಲ್ಲಿಯೇ ಉಳಿಯುತ್ತದೆ.