ಬೆಕ್ಕು ನೂಲು ನುಂಗೇತಿ, ಎಳೀಲೋ ಬ್ಯಾಡೋ?

ಶಾಂತಾ (ಗುಳೇದಗುಡ್ಡ): ಡಾಕ್ಟರ್ರ, ನಮ್ಮದು ಖಣ ನೇಯೋ ಮನಿರಿ. ಎರಡು ವರ್ಷದ ಹೆಣ್ಣ ಬೆಕ್ಕೈತಿ. ಮೊನ್ನಿ ಸಂಜಿಕೆ ನೂಲು ಸುತ್ತಿದ ಕಂಡಿಕಿ ಜೊತಿ ಆಡಾಕ್ಹತ್ತಿತ್ತು. ನಿನ್ನಿ ಮುಂಜಾನಿಂದ ಐದಾರು ಸಲ ವಾಂತಿ ಮಾಡೇತಿ, ಹಾಲು ಮೂಸಿ ನೋಡಿ ಬಿಟ್ಟಬಿಡ್ತದ, ಮಗ್ಗದ ಕುಣ್ಯಾಗ ಹೋಗಿ ಕುಂತದ. ಇವತ್ತ ಹಿಂದಿನ ಕಡಿಂದ ಒಂದ ಗೇಣ ರೇಷ್ಮಿ ನೂಲು ಜೋತಾಡಾಕ್ಹತ್ತೇತಿ. ಮೆತ್ತಗ ಎಳದ ತಗೀಲೇನ್ರಿ?

ಬಸವರಾಜ (ಮುಧೋಳ): ಅಕ್ಕಾರ, ಕೈಗೆ ಕೊಬ್ಬರಿ ಎಣ್ಣಿ ಹಚ್ಕೊಂಡು ನಿಧಾನಕ ಎಳೀರಿ, ಬರ್ತೈತಿ. ನೂಲು ಹೊರಗ ಬಂದೈತಿ ಅಂದ್ರ ಕರಳ ಬಂದ್ ಆಗಿಲ್ಲಂತ ಅರ್ಥ. ಅಂಜಬ್ಯಾಡ್ರಿ.

ಡಾ. ಸುನೀಲ (ಪಶುವೈದ್ಯ, ಬಾಗಲಕೋಟೆ): ಶಾಂತಕ್ಕ, ಎಳೀಬ್ಯಾಡ್ರಿ. ಜೋತಾಡೋ ತುದೀನ ಕತ್ತರೀಲೆ ಗಿಡ್ಡ ಮಾಡ್ರಿ, ಅದನ್ನ ನೆಕ್ಕಿ ಮತ್ತ ನುಂಗಬಾರದು, ಯಾವುದಕ್ಕೂ ಸಿಗಬಾರದು. ಅಷ್ಟ ಸಾಕು. ಎಣ್ಣಿ, ತುಪ್ಪ, ಉಪ್ಪಿನ ನೀರು ಏನೂ ಕುಡಸಬ್ಯಾಡ್ರಿ. ವಾಂತಿ ಮಾಡೋ ಬೆಕ್ಕಿಗೆ ಎಣ್ಣಿ ಹಾಕಿದ್ರ ಅದು ಪುಪ್ಪುಸಕ್ಕ ಹೋಗಬಹುದು. ಉಪ್ಪಿನ ನೀರಂತೂ ಬೆಕ್ಕಿಗೆ ವಿಷ ಇದ್ದಂಗ.

ಬಸವರಾಜ ಅವರು ಹೇಳಿದ್ದರಲ್ಲಿ ಅರ್ಧ ಖರೆ ಐತಿ. ಕರುಳು ಪೂರಾ ಬಂದ್ ಆಗಿಲ್ಲ, ಅದಕ್ಕ ಸ್ವಲ್ಪ ಮಲವೂ ಬರ್ತದ. ಆದರ ನೂಲಿನ ಕೇಸಿನ್ಯಾಗ ಜನ ಮೋಸ ಹೋಗೋದು ಇಲ್ಲೇ. ಇಲ್ಲಿ ಅಪಾಯ ಬಂದ್ ಆಗೋದರದ್ದಲ್ಲ, ಕೊಯ್ಯೋದರದ್ದು. ನೂಲಿನ ಒಂದು ತುದಿ ಎಲ್ಲೋ ಸಿಕ್ಕಿಕೊಂಡಿರ್ತದ: ಬೆಕ್ಕಿನ್ಯಾಗ ಬಹಳ ಸಲ ನಾಲಿಗೆಯ ಬುಡಕ್ಕ ಸುತ್ತಿರ್ತದ, ಇಲ್ಲಾಂದ್ರ ಹೊಟ್ಟೆಯಿಂದ ಕರುಳಿಗೆ ಹೋಗೋ ಬಾಯಿಗೆ. ಉಳಿದದ್ದು ಕರುಳಿನ್ಯಾಗ ಮುಂದ ಹೋಗ್ತದ. ಕರುಳು ತನ್ನ ಅಲೆಯಿಂದ ಅದನ್ನ ಮುಂದ ತಳ್ಳಾಕ ನೋಡ್ತದ, ನೂಲು ಬರೋದಿಲ್ಲ, ಆಗ ಕರುಳೇ ನೂಲಿನ ಮೇಲೆ ಏರಿ ಬರ್ತದ. ಪರಕಾರದ ಲಾಡಿ ಜಗ್ಗಿದ್ರ ಬಟ್ಟಿ ನೆರಿಗಿ ಬೀಳೋ ಹಂಗ. ಬಿಗಿಯಾದ ನೂಲು ನೆರಿಗೆಗಳ ಒಳಮಗ್ಗಲಿಗೆ, ಅಂದ್ರ ರಕ್ತನಾಳ ಬಂದು ಸೇರೋ ಬದಿಗೆ, ಒತ್ತಿ ನಿಲ್ಲತದ. ಪ್ರತಿ ಅಲೆಗೂ ಅಲ್ಲೇ ತಿಕ್ಕತದ. ಒಂದಲ್ಲ, ಸಾಲಾಗಿ ಐದಾರು ಸಣ್ಣ ತೂತು ಬೀಳಬಹುದು. ಕರುಳಿನ ಹೊಲಸು ಹೊಟ್ಟೆಯೊಳಗ ಸೋರಿತಂದ್ರ ಬೆಕ್ಕು ಉಳಿಯೋದು ಕಷ್ಟ.

ಹಿಂದಿನಿಂದ ಎಳೆದರ ನೀವು ಮಾಡೋದೂ ಇದೇ ಕೆಲಸ, ಒಂದೇ ಜಗ್ಗಿನ್ಯಾಗ.

ಈಗ ಬಾಯಿ ನೋಡ್ರಿ. ಒಬ್ಬರು ಟವೆಲ್‌ನ್ಯಾಗ ಸುತ್ತಿ ಹಿಡೀರಿ, ಇನ್ನೊಬ್ಬರು ಬಾಯಿ ತೆಗೀರಿ. ಗದ್ದದ ಕೆಳಗ, ಎರಡು ದವಡಿ ಎಲುಬಿನ ನಡುವಿನ ಮೆತ್ತನ ಜಾಗಕ್ಕ ಹೆಬ್ಬೆರಳಿಂದ ಮೇಲಕ್ಕ ಒತ್ತಿದ್ರ ನಾಲಿಗೆ ಎತ್ತಿ ಬುಡ ಕಾಣತದ. ನೂಲು ಮಾಂಸದಾಗ ಹುಗಿದು ಬರೀ ಕೆಂಪು ಗೆರೆಯಂಗ ಕಾಣಬಹುದು. ಕಂಡರೂ ಮುಟ್ಟಬ್ಯಾಡ್ರಿ, ಕಚ್ಚತದ ಅಂದ್ರ ಬಿಟ್ಟಬಿಡ್ರಿ. ಕಾಣಲಿಲ್ಲಂದ್ರ ಇಲ್ಲ ಅಂತಲ್ಲ. ತಿನ್ನಾಕ ಏನೂ ಕೊಡದ, ಇವತ್ತೇ ಕರ್ಕೊಂಡ ಬರ್ರಿ.

ಮಲ್ಲಪ್ಪ (ತಿಕೋಟಾ): ಸರ, ನಮ್ಮ ಎಮ್ಮಿ ಪ್ಲಾಸ್ಟಿಕ್ ಹಗ್ಗ ತಿಂದಿತ್ತು, ತಿಂಗಳಗಟ್ಟಲೆ ಏನೂ ಆಗಲಿಲ್ಲ. ಆಮ್ಯಾಲೆ ಹೊಟ್ಟಿ ಉಬ್ಬಿ ಆಪರೇಷನ್ ಮಾಡಿದ್ರು. ಇದಕ್ಕೂ ಒಂದೆರಡು ವಾರ ಕಾದು ನೋಡಬಹುದಲ್ರಿ?

ಡಾ. ಸುನೀಲ: ಎಮ್ಮಿಗೆ ಮೊದಲನೆ ಹೊಟ್ಟಿ ದೊಡ್ಡದು ಮಲ್ಲಪ್ಪನವರ, ಹಗ್ಗ ಅಲ್ಲೇ ಮುದ್ದಿಯಾಗಿ ಕುಂತಬಿಡತದ. ಬೆಕ್ಕಿನ ಸಣ್ಣ ಕರುಳು ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ, ನಿಮ್ಮ ಬೆರಳಿನಷ್ಟೂ ದಪ್ಪ ಇಲ್ಲ. ಅದಕ್ಕ ವಾರ ಕಾಯೋ ಸೌಕರ್ಯ ಇಲ್ಲ.

ಶಾಂತಾ: ನಾಲಿಗಿ ಬುಡಕ್ಕ ಕೆಂಪ ಗೆರಿ ಕಂಡೇತ್ರಿ, ನಡುವ ಹಳದಿ ನೂಲು. ಹೊಂಟೇವ್ರಿ.

ಡಾ. ಅನಿತಾ (ಪಶುವೈದ್ಯೆ, ಬೆಳಗಾವಿ): ಸುನೀಲ, ಬೆಕ್ಕು ಚುರುಕಾಗಿದ್ದು ಜ್ವರ, ಹೊಟ್ಟೆ ನೋವು ಇಲ್ಲದಿದ್ದರೆ ಬುಡದಲ್ಲಿ ನೂಲು ಕತ್ತರಿಸಿ ಒಂದು ದಿನ ಆಸ್ಪತ್ರೆಯಲ್ಲೇ ಸಲೈನ್ ಹಾಕಿ ನೋಡಬಹುದಲ್ಲ? ನುಂಗಿ ಒಂದೆರಡು ದಿನದೊಳಗೆ ಬಂದವುಗಳಲ್ಲಿ ಕೆಲವು ತಾನಾಗಿಯೇ ಹಾದುಹೋಗಿದ್ದನ್ನು ನೋಡಿದ್ದೇನೆ.

ಡಾ. ಸುನೀಲ: ನಾನೂ ನೋಡೇನಿ ಮೇಡಂ. ಆದರ ಕಾಯೋವಾಗ ಒಳಗ ತೂತು ಬಿದ್ದದ್ದನ್ನೂ ನೋಡೇನಿ. ಮೈಯಾಗಿನ ನೀರು ಕಮ್ಮಿಯಾಗಿ ಚರ್ಮ ಚಿವುಟಿದ್ರ ಕೂಡಲೇ ಇಳೀದ, ಮೂಲಿ ಹಿಡದು ಕುಂತ ಬೆಕ್ಕಿಗೆ ನಾ ಕಾಯೋದಿಲ್ಲ. ಮನ್ಯಾಗ ನಾಲಿಗೆ ಬುಡದ ನೂಲು ಕತ್ತರಿಸಿ ಕಾಯೋದಂತೂ ಯಾರೂ ಮಾಡಬ್ಯಾಡ್ರಿ. ಹಿಡಿತ ತಪ್ಪತದ ಖರೆ, ಆದರ ನೂಲು ಇನ್ನೊಂದು ಕಡೆ ಸಿಕ್ಕಿದ್ರ ಏನೂ ಬದಲಾಗೋದಿಲ್ಲ. ಮತ್ತ ಬಾಯಾಗಿನ ಗುರುತೂ ಹೋಗತದ.

ಡಾ. ಅನಿತಾ: ಗುಂಪಿನಲ್ಲಿ ಕೂತು ಇದು ಬಗೆಹರಿಯುವ ವಾದವಲ್ಲ. ಸ್ಕ್ಯಾನ್ ನೋಡಿ ನಿರ್ಧರಿಸಿ.

ಡಾ. ಸುನೀಲ (ಮರುದಿನ): ಶಾಂತಕ್ಕ ಅವರ ಒಪ್ಪಿಗಿ ಮೇಲೆ ಬರೀತೇನಿ. ಎಕ್ಸ್‌ರೇಯಲ್ಲಿ ರೇಷ್ಮಿ ನೂಲು ಕಾಣೋದಿಲ್ಲ, ಕಾಣೋದು ಅದರ ಕೆಲಸ: ಕರುಳೆಲ್ಲ ಬಲಗಡೆ ಒಂದು ಗೊಂಚಲಾಗಿತ್ತು, ಗ್ಯಾಸ್ ಉದ್ದ ಕೊಳವಿಯಂಗ ಇರೋ ಬದಲು ಅಲ್ಪವಿರಾಮದಂಥ ಸಣ್ಣ ಸಣ್ಣ ಗುಳ್ಳೆಯಾಗಿತ್ತು. ಸ್ಕ್ಯಾನ್‌ನ್ಯಾಗ ನೆರಿಗಿ ಸ್ಪಷ್ಟ ಕಂಡವು. ಮೊದಲು ಸಲೈನ್ ಕೊಟ್ಟು, ಆಮೇಲೆ ಅರಿವಳಿಕೆ. ಮೊದಲ ಕತ್ತರಿ ನಾಲಿಗೆ ಬುಡಕ್ಕ, ಆಮೇಲೆ ಹೊಟ್ಟೆ ತೆರೆದು ಅಲ್ಲಿದ್ದ ಗಂಟು ತೆಗೆದೆ. ಕರುಳಿನ್ಯಾಗ ಎರಡು ಕಡೆ ಸಣ್ಣದಾಗಿ ತೆರೆದು ನೂಲನ್ನ ತುಂಡು ಮಾಡಿ ತೆಗೆಯಬೇಕಾಯ್ತು. ಒಂದೇ ತೂತಿಂದ ಪೂರಾ ಎಳೆದರ ನಾವೂ ಕರುಳು ಕೊಯ್ದಂಗ. ನೆರಿಗಿ ಬಿಚ್ಚಿದ ಮೇಲೆ ಒಳಬದಿಯನ್ನ ಉದ್ದಕ್ಕೂ ನೋಡಿದೆ, ಯಾಕಂದ್ರ ತೂತು ಕೊಬ್ಬಿನ್ಯಾಗ ಅಡಗಿರತಾವ. ಒಂದು ಕಡೆ ಗೋಡೆ ತೆಳ್ಳಗಾಗಿ ಕಪ್ಪಗಿತ್ತು, ತೂತು ಬಿದ್ದಿರಲಿಲ್ಲ. ಆ ಜಾಗ ತಡೀತದೋ ಇಲ್ಲೋ ಇನ್ನೂ ಹೇಳಾಕ ಆಗೋದಿಲ್ಲ. ಹೊಲಿಗಿ ಸೋರೋದಾದ್ರ ಸಾಮಾನ್ಯವಾಗಿ ಮೂರರಿಂದ ಐದು ದಿನದೊಳಗ ಗೊತ್ತಾಗತದ. ಅಲ್ಲಿ ತನಕ ಜ್ವರ, ಮತ್ತ ವಾಂತಿ, ಹೊಟ್ಟೆ ಮುಟ್ಟಿದ್ರ ಚೀರೋದು, ಇಷ್ಟನ್ನ ನೋಡ್ತಿರಬೇಕು.

ಪೂಜಾ (ವಿಜಯಪುರ, ಹಾಸ್ಟೆಲ್): ಸರ್, ನನ್ನ ಬೆಕ್ಕು ಎರಡು ದಿನದ ಹಿಂದ ನನ್ನ ತಲಿಗೂದಲದ ರಬ್ಬರ್ ಬ್ಯಾಂಡ್ ನುಂಗೇತಿ. ಆಡ್ತೈತಿ, ತಿಂತೈತಿ. ಇದಕ್ಕೂ ಆಪರೇಷನ್ ಬೇಕಾ?

ಡಾ. ಸುನೀಲ: ಒಂದೇ ಗಿಡ್ಡ ಉಂಗುರ ಇದ್ದರ ಕರುಳನ್ನ ನೆರಿಗಿ ಮಾಡೋದಿಲ್ಲ. ಮಲದಾಗ ಬರಬಹುದು, ಇಲ್ಲಾ ಹೊಟ್ಟೆಯಲ್ಲೇ ವಾರಗಟ್ಟಲೆ ಕುಂತಿರಬಹುದು. ಹೊಟ್ಟೆಯಲ್ಲೇ ಇದ್ದರ ಎಂಡೋಸ್ಕೋಪ್ ಇರೋ ಕಡೆ ಹೊಟ್ಟೆ ಕೊಯ್ಯದ ತೆಗೀತಾರ. ಇಂಥಾ ಚಟ ಇರೋ ಬೆಕ್ಕಿನ ಹೊಟ್ಟೆಯಿಂದ ಹತ್ತಾರು ಬ್ಯಾಂಡ್‌ಗಳ ಮುದ್ದಿ ತೆಗೆದದ್ದೂ ಐತಿ, ಅದಕ್ಕ ಮನ್ಯಾಗ ಎಷ್ಟು ಕಾಣೆಯಾಗ್ಯಾವ ಎಣಿಸ್ರಿ. ಹರಿದು ಉದ್ದಾಗಿದ್ರ ಅಥವಾ ಎರಡು ಮೂರು ಒಂದಕ್ಕೊಂದು ಸಿಕ್ಕಿದ್ರ ಅದೂ ನೂಲಿನ ಲೆಕ್ಕಕ್ಕೇ. ರಬ್ಬರ್ ಎಕ್ಸ್‌ರೇಯಲ್ಲಿ ಬಹಳ ಸಲ ಕಾಣೋದಿಲ್ಲ. ಎರಡನೇ ಸಲ ವಾಂತಿ ಮಾಡಿದ್ರ ಅಥವಾ ಒಂದು ದಿನ ತಿನ್ನದಿದ್ರ ಸ್ಕ್ಯಾನ್ ಮಾಡಸ್ರಿ.

ಬಸವರಾಜ: ಉಗುಳೋದ ಬಿಟ್ಟು ಅವು ಯಾಕ ನುಂಗತಾವ್ರಿ?

ಡಾ. ಸುನೀಲ: ನಾಲಿಗೆ ಮೇಲಿನ ಮುಳ್ಳೆಲ್ಲ ಗಂಟಲ ಕಡೆ ಬಾಗ್ಯಾವ. ನೂಲು ಅದಕ್ಕ ಸಿಕ್ಕಿತಂದ್ರ ಹೊರಗ ತಳ್ಳಾಕ ಬರೋದಿಲ್ಲ, ನುಂಗಬೇಕಷ್ಟ. ಸೂಜಿ ಪೋಣಿಸಿದ ದಾರ ಆದ್ರ ಸೂಜೀನೂ ಜೊತಿಗೆ ಹೋಗತದ, ಅದೊಂದು ಮಾತ್ರ ಎಕ್ಸ್‌ರೇಯಲ್ಲಿ ಥಟ್ಟನ ಕಾಣತದ.

ಶಾಂತಾ: ಇವತ್ತ ಎರಡ ಚಮಚ ಗಂಜಿ ಕುಡದೈತ್ರಿ. ಗಣಪ್ಪಗ ಕಟ್ಟೋ ಆ ಝಗಝಗ ಮಾಲಿನೂ ಹಂಗ ಮಾಡತದೇನ್ರಿ?

ಡಾ. ಸುನೀಲ: ಮಾಡತದ ಅಕ್ಕಾ. ತೆಳ್ಳನ ಪ್ಲಾಸ್ಟಿಕ್ ಪಟ್ಟಿ, ಅಂಚು ಚೂಪು. ಮಂಟಪದ ಮೇಲಿನ ಅರ್ಧಕ್ಕ ಕಟ್ಟರಿ, ತುದಿ ಜೋತುಬೀಳದಂಗ. ಕಂಡಿಕಿ ಬುಟ್ಟಿಗೆ ಮುಚ್ಚಳ ಹಾಕ್ರಿ. ಇನ್ನ ಮೂರು ದಿನ ಮಗ್ಗದ ಕುಣಿಗೆ ಬಿಡಬ್ಯಾಡ್ರಿ, ನಾಳೆ ಮುಂಜಾನಿ ಜ್ವರ ನೋಡಿ ನನಗ ಬರೀರಿ.